ಒಪ್ಪತ್ತಿನ ಸೋಮವಾರ, ಉಂಡ ಮೇಲಿನ ಗುಳಿಗೆ

ಬೀಡಿ ಸೇದುವವನಿಗೆ ತನ್ನ ಬಾಯಿ ಎಷ್ಟು ನಾರುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ನನಗೂ ಇಪ್ಪತ್ತೆರಡು ವರ್ಷ ಗೊತ್ತಿರಲಿಲ್ಲ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವುದು, ಕೆಳಗೆ ಕಾಲಿನಿಂದ ಹಲಗೆ ತುಳಿಯುವುದು, ಮೇಲೆ ಲಾಳಿ ಹೊಡೆಯುವುದು, ಇದೇ ನನ್ನ ಕೆಲಸ. ಸೀರೆಗೆ ಕಿಡಿ ತಾಗಬಾರದೆಂದು ಪಕ್ಕಕ್ಕೆ ವಾಲಿ ಬೀಡಿ ಸೇದಿ, ಮೋಟು ತುಂಡನ್ನು ಕುಣಿಯೊಳಗಿನ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದೆ. ಚಿಪ್ಪು ತುಂಬಿದರೆ ಅದರ ಮೇಲೇ ಉಗುಳುತ್ತಿದ್ದೆ. ಅದನ್ನು ಎತ್ತಿ ಚೆಲ್ಲಿ ತೊಳೆದಿಡುತ್ತಿದ್ದವಳು ನನ್ನ ಹೆಂಡತಿ. ಒಂದು ದಿನವೂ ಮೂಗು ಮುಚ್ಚಿಕೊಂಡದ್ದನ್ನು ನಾನು ನೋಡಲಿಲ್ಲ. ನಾನು ನೋಡುತ್ತಲೇ ಇರಲಿಲ್ಲ ಅನ್ನುವುದು ಖರೆ ಮಾತು.

ನಮ್ಮಪ್ಪನೂ ಅದೇ ಕುಣಿಯಲ್ಲಿ ಕೂತು ನೇಯ್ದವನು, ಅದೇ ಬೀಡಿ ಸೇದಿದವನು. ನಾನು ಮ್ಯಾಟ್ರಿಕ್ ಓದುವಾಗ ಅಪ್ಪನ ಎಡಗಾಲಿನ ಬೆರಳು ಕಪ್ಪಾಯಿತು, ಆಮೇಲೆ ಪಾದ ಕಪ್ಪಾಯಿತು, ಆಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಒಂದು ಕಾಲಿನವನು ಕುಣಿಮಗ್ಗದಲ್ಲಿ ಏನು ಮಾಡಿಯಾನು? ಮೂಲೆಯಲ್ಲಿ ರಾಟಿ ಇಟ್ಟುಕೊಂಡು ನನಗೆ ಕಂಡಿಕಿ ಸುತ್ತಿಕೊಡುತ್ತ ಕೂತ. ಲಾಳಿಯೊಳಗೆ ಹಾಕುವ ನೂಲಿನ ಕಂಡಿಕಿ ಸುತ್ತುವುದು ನಮ್ಮ ಓಣಿಯಲ್ಲಿ ಹೆಂಗಸರ ಕೆಲಸ, ಮುದುಕಿಯರ ಕೆಲಸ. ಅಷ್ಟಾದರೂ ಅಪ್ಪ ಬೀಡಿ ಬಿಡಲಿಲ್ಲ. ಕೈ ನಡುಗಿ ಕಡ್ಡಿ ಗೀರಲು ಬಾರದಾದಾಗ, ನಾನೇ ನನ್ನ ಬಾಯಲ್ಲಿ ಬೀಡಿ ಹೊತ್ತಿಸಿ ಅವನ ತುಟಿಗೆ ಇಡುತ್ತಿದ್ದೆ. ನನಗೆ ಬೀಡಿ ಹತ್ತಿದ್ದು ಹಾಗೆ. ಥೂ, ಮಗ ಮಾಡುವ ಸೇವೆ ಅಂದರೆ ಇದು!

ಅವ್ವ ಸೋಮವಾರ ಹಿಡಿದದ್ದು ಆ ಕಾಲಿಗಾಗಿ. ಅಪ್ಪನ ಬೆರಳು ಕಪ್ಪಾದ ವಾರ ಶಿವನ ಗುಡಿಯಲ್ಲಿ ಹರಕೆ ಹೊತ್ತಳು. ಸೋಮವಾರ ಒಪ್ಪತ್ತು, ಅಂದರೆ ಹಗಲೆಲ್ಲ ಉಪವಾಸ, ಸಂಜೆ ಪೂಜೆ ಮುಗಿದ ಮೇಲೆ ಒಂದೇ ಊಟ. ಕಾಲು ಹೋಯಿತು, ಆಮೇಲೆ ಅಪ್ಪನೂ ಹೋದ. ಅವ್ವನ ಸೋಮವಾರ ಮಾತ್ರ ಹೋಗಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದಾಗ ನನ್ನ ಬಲಗಾಲಿನ ಕಿರುಬೆರಳ ತುದಿಯಲ್ಲಿ ಒಂದು ಹುಣ್ಣಾಯಿತು. ಚಪ್ಪಲಿ ಕಚ್ಚಿದೆ ಅಂದುಕೊಂಡೆ. ಅದು ಮಾಯಲಿಲ್ಲ. ಪೇಟೆಯವರೆಗೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಬೇಸಿಗೆಯಲ್ಲೂ ಪಾದ ತಣ್ಣಗೆ. ಹುಣ್ಣು ಒದ್ದೆಯಾಗಿ ನಾರತೊಡಗಿದಾಗ ಮನೆಯಲ್ಲಿ ಯಾರೂ ಯಾರ ಮುಖ ನೋಡಲಿಲ್ಲ. ಆ ವಾಸನೆ ನಮಗೆಲ್ಲ ಹಳೆಯ ಪರಿಚಯ. ಅವ್ವ ಒಂದೇ ಮಾತು ಹೇಳಿದಳು: "ಇನ್ನ ನೀನೂ ಸೋಮವಾರ ಹಿಡಿ." ನಾನು ಹಿಡಿದೆ. ಸೋಮವಾರ ಒಪ್ಪತ್ತು ಮಾಡುತ್ತ, ಬರಿ ಹೊಟ್ಟೆಯಲ್ಲಿ ಮತ್ತೆರಡು ಬೀಡಿ ಹೆಚ್ಚು ಸೇದುತ್ತಿದ್ದೆ. ಹಸಿವು ತಡೆಯಬೇಕಲ್ಲ!

ಬಾಗಲಕೋಟೆಯ ದವಾಖಾನೆಯ ಡಾಕ್ಟರು ವಯಸ್ಸಾದವರು, ನಮ್ಮ ಕಡೆಯವರೇ. ಮೊದಲನೇ ಸಲ ಹೋದಾಗ ಪಾದದ ಮೇಲೆ, ಹರಡಿನ ಗಂಟಿನ ಹಿಂದೆ ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ಸಿಗಲಿಲ್ಲ. "ಬೀಡಿ ಇವತ್ತ ಬಿಡು" ಅಂದರು. ಎರಡನೇ ಸಲವೂ ಅದನ್ನೇ ಅಂದರು. ಮೂರನೇ ಸಲ ನಾನು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೊಡನೆ ಅವರು ಮೂಗು ಸಿಂಡರಿಸಿದರು.

"ಕೆಳಗ ಸೇದಿ ಮ್ಯಾಲ ಬಂದೀ ಏನು?"

"ಒಂದ ಒಂದ್ರಿ."

"ತಮ್ಮಾ, ನಿನ್ನ ಕಾಲಿನ ರಕ್ತನಾಳ ಬೀಡಿಯಿಂದ ಮುಚ್ಚಿಕೊಂತ ಹೊಂಟಾವ. ನಾ ಹುಣ್ಣಿಗೆ ಔಷಧ ಕೊಡತೇನಿ, ನೋವಿಗೆ ಕೊಡತೇನಿ. ಬೀಡಿ ಬಿಡಲಿಲ್ಲಂದ್ರ ಅದ್ಯಾವುದೂ ಹತ್ತಾಂಗಿಲ್ಲ. ಮೊದಲ ಬೆರಳು, ಆಮ್ಯಾಲ ಪಾದ. ಮುಂದಿಂದು ನಿನಗ ಹೇಳೋದೇನು, ನಿಮ್ಮ ಮನ್ಯಾಗ ನೋಡೀರಿ."

ನನಗೆ ಸಿಟ್ಟು ಬಂತು. ಬಿಡಲಿಕ್ಕೆ ಆಗುತ್ತಿದ್ದರೆ ಇವರ ಮುಂದೆ ಯಾಕೆ ಕೂಡುತ್ತಿದ್ದೆ? "ಎರಡ ಸಲ ಬಿಟ್ಟೇನ್ರಿ. ಮೂರನೇ ದಿನ ಲಾಳಿ ಹಿಡಿಯಾಕ ಆಗಲಿಲ್ಲ. ಕೈ ನಡುಗತಾವ. ಹೆಂಡತಿ ಮ್ಯಾಲ ಕೈ ಎತ್ತಿನಿ" ಅಂದೆ. ಅದನ್ನು ಹೇಳಿ ತಲೆ ತಗ್ಗಿಸಿದೆ.

ಅವರು ಬೈಯಲಿಲ್ಲ. ಫಿಟ್ಸ್ ಬರುತ್ತದೆಯೇ, ಮೂತ್ರಪಿಂಡದ ತೊಂದರೆ ಇದೆಯೇ, ಸಾಯಬೇಕು ಅನ್ನಿಸುವಷ್ಟು ಮನಸ್ಸು ಕುಗ್ಗಿದ್ದುಂಟೇ ಎಂದೆಲ್ಲ ಕೇಳಿ, ಇಲ್ಲ ಅಂದ ಮೇಲೆ ಚೀಟಿ ಬರೆದರು. ಹೊಸ ಗುಳಿಗೆ, ಬೀಡಿಯ ಮೇಲಿನ ಆಸೆ ತಗ್ಗಿಸುವುದಂತೆ.

"ಮೊದಲ ಬಿಡೂ ದಿನ ಗೊತ್ತು ಮಾಡು. ಅದಕ್ಕ ಒಂದ ವಾರ ಮೊದಲ ಗುಳಿಗಿ ಚಾಲೂ ಮಾಡಬೇಕು. ಮೈಯಾಗ ಅದು ಕೂಡಬೇಕಲ್ಲ? ಮೊದಲ ಮೂರು ದಿನ ಬಿಳಿ ಸಣ್ಣ ಗುಳಿಗಿ ದಿನಕ್ಕ ಒಂದು. ನಾಕನೇ ದಿನದಿಂದ ಏಳನೇ ದಿನದ ತನಕ ಅದನ್ನ ಮುಂಜಾನಿ ಒಂದು, ಸಂಜಿಗೆ ಒಂದು. ಎಂಟನೇ ದಿನ ಬೀಡಿ ಬಂದ್. ಅವತ್ತಿನಿಂದ ನೀಲಿ ಗುಳಿಗಿ, ಅದು ಇದರ ಡಬಲ್, ದಿನಕ್ಕ ಎರಡು. ಹನ್ನೆರಡು ವಾರ."

"ಒಮ್ಮೆಲೆ ನೀಲೀದ ಕೊಡ್ರಲಾ ಮತ್ತ, ಲಗೂ ಮುಗೀತದ."

"ಒಮ್ಮೆಲೆ ಕೊಟ್ರ ಕಾರಿಕೊಂತ ಕೂಡತೀ. ಹೊಟ್ಟಿ ತೊಳಸ್ತದ ಇದು. ಅದಕ್ಕ ಸಣ್ಣಂಗ ಏರಸೋದು, ಅದಕ್ಕ ಉಂಡ ಮ್ಯಾಲ ನುಂಗೋದು, ಒಂದ ಪೂರಾ ಗ್ಲಾಸ್ ನೀರಿನ ಕೂಡ. ತಿಳೀತ? ಕೆಟ್ಟ ಕೆಟ್ಟ ಕನಸು ಬಿದ್ರ ಅಂಜಬ್ಯಾಡ. ಮನಸ್ಸು ಏನರ ಹೆಂಗೆಂಗೋ ಆತಂದ್ರ ಬಿಟ್ಟು ನನಗ ಫೋನ್ ಮಾಡು."

"ಈ ಏಳ ದಿನ ಸೇದಬಹುದ್ರಿ?"

ಅವರು ಕನ್ನಡಕದ ಮೇಲಿಂದ ನೋಡಿದರು. "ಕಡಿಮಿ ಮಾಡಿದ್ರ ಕಾಲು ನಿಂದು. ಸೇದಿದ್ರ ಗುಳಿಗಿ ಏನೂ ಅನ್ನಾಂಗಿಲ್ಲ. ಎಂಟನೇ ದಿನ ಮಾತ್ರ ಮುಂದ ಹಾಕಾಂಗಿಲ್ಲ."

ದವಾಖಾನೆಯ ಎದುರಿನ ಅಂಗಡಿಯವನು ಗುಳಿಗೆಯ ಡಬ್ಬಿಯ ಮೇಲೆ ದಪ್ಪ ಪೆನ್ನಿನಿಂದ 'ಉಂಡ ಮೇಲೆ' ಎಂದು ಬರೆದು, ಸುತ್ತ ಒಂದು ಗೆರೆಯನ್ನೂ ಎಳೆದುಕೊಟ್ಟ. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಕರದಂಟಿಗೆ ಇಳಿದರು, ನಾನು ಬೀಡಿಗೆ ಇಳಿದೆ. ಮೂತ್ರದ ವಾಸನೆಯ ಗೋಡೆಗೆ ಬೆನ್ನು ಕೊಟ್ಟು, ಎದೆಯ ಮೇಲೆ ಬೀಡಿ ಬಿಡುವ ಗುಳಿಗೆ, ಬಾಯಲ್ಲಿ ಬೀಡಿ. ಈಗ ನೆನೆದರೆ ಆ ಮನುಷ್ಯನ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸುತ್ತದೆ.

ದಿನ ಗೊತ್ತು ಮಾಡಿದ್ದು ಅವ್ವ. ಮುಂದಿನ ಬೆನಕನ ಅಮಾವಾಸ್ಯೆ, ಗುರುವಾರ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಮಗ್ಗ ಬಂದ್. ಮಗ್ಗ ಇಲ್ಲದ ದಿನ ಬೀಡಿ ಇನ್ನೂ ಹೆಚ್ಚು ನೆನಪಾಗುತ್ತದೆ ಎಂದು ನಾನು ಕೊಸರಾಡಿದೆ. "ಹಿಡಿಯಾಕ ಅಮಾಸಿ ಬ್ಯಾಡ, ಬಿಡಾಕ ಅಮಾಸಿನ ಚಲೋ" ಅಂದಳು ಅವ್ವ. ಹಿಂದಿನ ಗುರುವಾರ, ರೊಟ್ಟಿ ಉಂಡು, ಒಂದು ಗ್ಲಾಸು ನೀರಿನ ಜೊತೆ ಮೊದಲ ಬಿಳಿ ಗುಳಿಗೆ ನುಂಗಿದೆ. ಉದ್ದಿನ ಕಾಳಿಗಿಂತ ತುಸು ದೊಡ್ಡದು. ಇದರಿಂದ ಏನಾದೀತು ಅನ್ನಿಸಿತು.

ಮೂರು ದಿನ ಏನೂ ಆಗಲಿಲ್ಲ. ನಾನು ಆ ವಾರವನ್ನು ಬೀಡಿಯ ಹಬ್ಬ ಮಾಡಿಕೊಂಡಿದ್ದೆ. ಇನ್ನು ಸಿಗುವುದಿಲ್ಲವಲ್ಲ ಎಂದು ಒಂದು ಆರುವ ಮುಂಚೆ ಇನ್ನೊಂದು. ನಾಲ್ಕನೇ ದಿನ, ಭಾನುವಾರ, ಗುಳಿಗೆ ದಿನಕ್ಕೆ ಎರಡಾಯಿತು. ಅಂದು ಮಧ್ಯಾಹ್ನ ಬೀಡಿ ಹೊತ್ತಿಸಿದರೆ ರುಚಿಯೇ ಇಲ್ಲ. ಒದ್ದೆ ಗೋಣಿಚೀಲ ಸುಟ್ಟ ಹಾಗೆ. ಕಟ್ಟು ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೋಗಿ ಬೇರೆ ಕಟ್ಟು ತಂದೆ. ಅದೂ ಹಾಗೆಯೇ. ಅಂಗಡಿಯವನ ಜೊತೆ ಜಗಳ ಮಾಡಿ ಬಂದೆ. ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದು ತಲೆಗೆ ಹೊಳೆಯಲಿಲ್ಲ.

ಮರುದಿನ ಸೋಮವಾರ. ಐದನೇ ದಿನ.

ಮುಂಜಾನೆ ಮಿಂದು, ವಿಭೂತಿ ಹಚ್ಚಿ ಬಂದು ಡಬ್ಬಿ ಕೈಗೆತ್ತಿಕೊಂಡೆ. 'ಉಂಡ ಮೇಲೆ' ಎನ್ನುವ ಅಕ್ಷರ ನನ್ನನ್ನೇ ನೋಡುತ್ತಿತ್ತು. ಒಪ್ಪತ್ತಿನ ದಿನ ಉಣ್ಣುವುದೆಲ್ಲಿಂದ? ಹೊಟ್ಟೆಯಲ್ಲಿ ನಿನ್ನೆ ರಾತ್ರಿಯ ಊಟ ಇದ್ದೇ ಇದೆಯಲ್ಲ, ಅದೂ ಉಂಡ ಮೇಲೆಯೇ ಲೆಕ್ಕ ಎಂದು ನನಗೆ ನಾನೇ ಪಂಚಾಯಿತಿ ಮಾಡಿಕೊಂಡೆ. ಒಪ್ಪತ್ತಿಗೆ ಚಹಾ ನಡೆಯುತ್ತದೆ. ಅರ್ಧ ಕಪ್ಪು ಚಹಾದ ಜೊತೆ ಗುಳಿಗೆ ನುಂಗಿ ಕುಣಿಗೆ ಇಳಿದೆ. ಕಾಲು ಉಳಿಯಲಿ ಎಂದು ಗುಳಿಗೆ, ಕಾಲು ಉಳಿಯಲಿ ಎಂದು ಉಪವಾಸ. ಎರಡನ್ನೂ ಬಿಡುವ ಧೈರ್ಯ ನನಗಿರಲಿಲ್ಲ.

ಮಗ್ಗದ ಮೇಲೆ ಒಂದು ಮದುವೆ ಸೀರೆ ಇತ್ತು. ಒಡಲು ಮುಗಿದು ಕೆಂಪು ರೇಷ್ಮೆಯ ಸೆರಗು ನಡೆದಿತ್ತು, ಸೆರಗಿನಲ್ಲಿ ಬಿಳಿಯ ತೆನೆಯ ಚಿತ್ತಾರ. ನಾಲ್ಕು ಲಾಳಿ ಹೊಡೆಯುವಷ್ಟರಲ್ಲಿ ಬಾಯಲ್ಲಿ ನೀರೂರಿತು. ನುಂಗಿದೆ. ಮತ್ತೆ ಊರಿತು. ಹಣೆಯಲ್ಲಿ ಬೆವರು. ಇದಕ್ಕೊಂದು ಬೀಡಿಯೇ ಮದ್ದು ಎಂದು ಹೊತ್ತಿಸಿ ಒಂದು ದಮ್ಮು ಎಳೆದೆನೋ ಇಲ್ಲವೋ, ಹೊಟ್ಟೆ ಬುಡಮೇಲಾಯಿತು. ಕುಣಿಯಲ್ಲಿ ಕೂತವನು ತಕ್ಷಣ ಏಳಲಾರ. ಎದೆಯ ಮುಂದೆ ನೇಯ್ದ ಬಟ್ಟೆ ಬಿಗಿದಿರುತ್ತದೆ. ಎಲ್ಲ ಸೆರಗಿನ ಮೇಲೆ. ಚಹಾ, ಪಿತ್ತ, ಹಳದಿ ಲೋಳೆ, ಬಿಳಿಯ ತೆನೆಯ ಮೇಲೆ ಇಳಿದು ಇಳಿದು ನನ್ನ ತೊಡೆಯ ಮೇಲೆ, ಅಲ್ಲಿಂದ ಕುಣಿಯೊಳಗೆ, ಹುಣ್ಣಿನ ಕಾಲಿನ ಮೇಲೆ. ಕೆಳಗೆ ಚಿಪ್ಪಿನಲ್ಲಿ ನೆನೆದ ಬೀಡಿ ತುಂಡುಗಳು ತೇಲಿದವು. ಆ ಮೂರು ವಾಸನೆ ಒಟ್ಟಿಗೆ ಮೇಲೆ ಬಂದಾಗ ಇನ್ನೊಮ್ಮೆ ಕಾರಿದೆ. ಅವತ್ತು ನನಗೆ ನನ್ನ ಮೇಲೆ ಬಂದ ಹೇಸಿಗೆ ಇವತ್ತಿಗೂ ಪೂರಾ ಹೋಗಿಲ್ಲ.

ಹೆಂಡತಿ ಓಡಿ ಬಂದಳು. ಅವ್ವ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಳು. "ವಿಷ ಕೊಟ್ಟಾನವಾ ಆ ಡಾಕ್ಟರ, ವಿಷ!" ಎಂದಳು. ನನಗೂ ಅದೇ ಬೇಕಿತ್ತು. "ಇದರ ಮನಿ ಹಾಳಾಗ, ಸಾಕು!" ಎಂದು ಡಬ್ಬಿಯನ್ನು ಕುಣಿಯೊಳಗೆ ಎಸೆದು ಹೊರಗೆ ಹೋದೆ.

ಹೆಂಡತಿ ಕುಣಿಗೆ ಕೈ ಹಾಕಿ ಡಬ್ಬಿ ತೆಗೆದಳು, ಒರೆಸಿದಳು, ಚೀಟಿಯ ಮೇಲಿದ್ದ ನಂಬರಿಗೆ ಪಕ್ಕದ ಮನೆಯವರ ಮೊಬೈಲಿನಿಂದ ಫೋನು ಹಚ್ಚಿದಳು. ಡಾಕ್ಟರ ದನಿ ಅಂಗಳದಲ್ಲಿ ಕೂತ ನನಗೂ ಕೇಳುವಷ್ಟು ದೊಡ್ಡದು.

"ಏನ ಉಂಡಿದ್ದ?"

"ಏನಿಲ್ರಿ. ಇವತ್ತ ಸೋಮವಾರ ಅಲ್ರಿ, ಒಪ್ಪತ್ತು. ಅರ್ಧ ಕಪ್ಪ ಚಹಾ ಅಷ್ಟ."

"ಯವ್ವಾ, ಉಂಡ ಮ್ಯಾಲ ಅಂದ್ರ ಉಂಡ ಮ್ಯಾಲ. ನಿನ್ನೆ ಉಂಡದ್ದಲ್ಲ, ಚಹಾ ಅಲ್ಲ. ಗುಳಿಗಿ ಕೆಟ್ಟದಲ್ಲ, ಬರಿ ಹೊಟ್ಟಿ ಕೆಟ್ಟದ್ದು. ಹೋದದ್ದು ಹೋತು, ಅದರ ಬದಲಿ ಇನ್ನೊಂದು ನುಂಗಿಸಬ್ಯಾಡ. ಸಂಜೀದು ಎಂದಿನಂಗ, ಹೊಟ್ಟಿ ತುಂಬ ಉಂಡು. ಬಿಡಾಂಗಿಲ್ಲ. ಹನ್ನೆರಡು ವಾರದಾಗ ಹನ್ನೆರಡು ಸೋಮವಾರ ಬರತಾವ, ಹಿಂಗ ಮಾಡಿದ್ರ ಎಲ್ಲಿ ಮುಟ್ಟತಾನ?"

ನಾನು ಅಂಗಳದ ಕಟ್ಟೆಯ ಮೇಲೆ ಕೂತಿದ್ದೆ. ಎಲ್ಲ ಕೇಳಿಸಿಕೊಂಡು, ಹಟಕ್ಕೆ, ಬಾಯಿಯನ್ನೂ ತೊಳೆಯದೆ ಒಂದು ಬೀಡಿ ಹೊತ್ತಿಸಿದೆ. ಒಂದು ಕಡ್ಡಿ ಆರಿತು, ಎರಡು ಆರಿದವು. ಮೂರನೆಯದು ಹತ್ತಿತು. ಹೊಗೆ ಬಾಯೊಳಗೆ ಹೋದರೆ ವಾಂತಿಯ ಮೇಲೆ ಬೂದಿ ಚೆಲ್ಲಿದ ಹಾಗೆ. ಆದರೂ ಎಳೆದೆ. ಹುಣ್ಣಿನ ಕಾಲನ್ನು ಕಟ್ಟೆಯ ಮೇಲೆ ಮಡಚಿಟ್ಟುಕೊಂಡಿದ್ದೆ. ಹಿಂದೆ ಅಪ್ಪ ಕೂಡುತ್ತಿದ್ದ ಜಾಗ, ಅಪ್ಪ ಕೂಡುತ್ತಿದ್ದ ರೀತಿ. ತಲೆ ಎತ್ತಿದರೆ ಅವ್ವ ನಿಂತು ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ ಏನೋ.

ಬೈಯುತ್ತಾಳೆ ಅಂದುಕೊಂಡೆ. ಅವಳು ಒಳಗೆ ಹೋದಳು. ದೇವರ ಜಗುಲಿಯ ಮೇಲಿನ ಶಿವನ ಫೋಟೋದ ಮುಂದೆ ನಿಂತು ಏನೋ ಗೊಣಗಿದಳು. ಆಮೇಲೆ ಅಡುಗೆಮನೆಯಲ್ಲಿ ಬುಟ್ಟಿ ತೆಗೆದ ಸದ್ದಾಯಿತು. ಒಂದು ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಂದು ನನ್ನ ಮುಂದೆ ಕುಕ್ಕಿದಳು.

"ಉಣ್ಣ."

"ಅವ್ವಾ, ಸೋಮವಾರ."

"ಗೊತ್ತೈತಿ ನನಗ ಸೋಮವಾರ ಅಂತ! ಸೋಮವಾರ ಮಾಡಿ ಮಾಡಿ ಒಂದ ಕಾಲು ಮಣ್ಣಿಗೆ ಹಾಕೀನಿ. ನಿಮ್ಮಪ್ಪ ಇಲ್ಲೇ ಬೀಡಿ ಸೇದಕೊಂತ ಕೂತಿದ್ದ, ನಾ ಒಳಗ ಉಪವಾಸ ಕೂತಿದ್ದೆ. ಒಂದ ದಿನ ಆ ಬೀಡಿ ಕಸದು ಒಗೀಲಿಲ್ಲ ನಾ. ಉಪವಾಸ ಮಾಡಿದ್ರ ಆತು ಅಂದಕೊಂಡಿದ್ದೆ." ಅವಳು ತಾಟನ್ನು ಇನ್ನೂ ಹತ್ತಿರ ಸರಿಸಿದಳು. "ಇನ್ನ ಈ ಮನ್ಯಾಗ ಸೋಮವಾರ ಇಲ್ಲ. ಶಿವ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಬಾಯಿ ತೊಳಕೊ ಮೊದಲ, ಹೇಸಿ!"

ನನ್ನ ಬಾಯಿಂದ ಬೀಡಿ ಕಿತ್ತು ಅಂಗಳಕ್ಕೆ ಎಸೆದು ಬರಿಗಾಲಿನಿಂದ ತುಳಿದಳು. ಎಪ್ಪತ್ತರ ಹತ್ತಿರದ ಮುದುಕಿ. ಬೆಂಕಿ ತಾಗಿತೋ ಏನೋ, ಮುಖ ಕಿವುಚಲಿಲ್ಲ. ನಾನು ಬಾಯಿ ತೊಳೆದು ಬಂದು ಉಂಡೆ. ಅವಳು ಎದುರಿಗೆ ಕೂತು ತಾನೂ ಒಂದು ರೊಟ್ಟಿ ಮುರಿದಳು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಅವಳು ಸೋಮವಾರ ಹಗಲು ಅನ್ನ ಮುಟ್ಟಿ. ತುತ್ತು ನುಂಗಲಾರದೆ ನುಂಗುತ್ತಿದ್ದಳು. ನಾನು ಅಳುತ್ತ ಉಂಡೆ, ನಾಚಿಕೆ ಇಲ್ಲದೆ ಹೇಳುತ್ತೇನೆ.

ಸಂಜೆ ಊಟ ಮಾಡಿ ಗುಳಿಗೆ ನುಂಗಿದೆ. ಹೊಟ್ಟೆ ತುಸು ತೊಳಸಿತು, ಕಾರಲಿಲ್ಲ. ಮಂಗಳವಾರ, ಬುಧವಾರ ಹಾಗೆಯೇ. ಕನಸು ಮಾತ್ರ ಎಂಥೆಂಥವೋ ಬಿದ್ದವು. ಸೀರೆಯ ಸೆರಗನ್ನು ಹೆಂಡತಿ ಎಷ್ಟು ತೊಳೆದರೂ ತೆನೆಯ ಮೇಲಿನ ಹಳದಿ ಕಲೆ ಹೋಗಲಿಲ್ಲ; ಸೆರಗು ಕತ್ತರಿಸಿ ಮತ್ತೆ ನೇಯ್ದೆ.

ಗುರುವಾರ, ಬೆನಕನ ಅಮಾವಾಸ್ಯೆ. ಹೋಳಿಗೆ ಉಂಡು ಮೊದಲ ನೀಲಿ ಗುಳಿಗೆ ನುಂಗಿದೆ. ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದವು. ಚಹಾದ ಅಂಗಡಿಯ ಮುಂದಿನ ಬೆಂಚಿನ ಮೇಲೆ ನೇಕಾರರೆಲ್ಲ ಸಾಲಾಗಿ ಕೂತು ಸೇದುತ್ತಿದ್ದರು. ಪಕ್ಕದ ಮಗ್ಗದ ಗೆಳೆಯ ನನ್ನನ್ನು ನೋಡಿ ಕೈ ಬೀಸಿದ.

"ಬಾರಲೇ ದೋಸ್ತ! ಗುಳಿಗಿ ತಿಂದು ಬೀಡಿ ಬಿಡೂ ಗಂಡಸು ಬಂದಾ ನೋಡ್ರೋ! ಹಿಡೀಲೇ, ಒಂದ ದಮ್ಮಿಗೆ ಯಾವ ಕಾಲು ಹೋಗತೈತಿ?"

ತಾನು ಸೇದುತ್ತಿದ್ದ ಬೀಡಿಯನ್ನೇ ನನ್ನ ತುಟಿಗೆ ಇಟ್ಟ. ಸುಳ್ಳು ಹೇಳುವುದಿಲ್ಲ, ಒಂದು ದಮ್ಮು ಎಳೆದೆ. ಅವನ ಉಗುಳಿನಿಂದ ಬೀಡಿಯ ಬುಡ ಒದ್ದೆಯಾಗಿತ್ತು. ಏನೂ ಇರಲಿಲ್ಲ ಅದರಲ್ಲಿ. ರುಚಿ ಇಲ್ಲ, ಸುಖ ಇಲ್ಲ, ಬರಿ ಒಲೆಯ ಹೊಗೆ, ಬರಿ ಎಂಜಲು. ಇದಕ್ಕಾಗಿಯೇ ಇಪ್ಪತ್ತೆರಡು ವರ್ಷ? ಇದಕ್ಕಾಗಿಯೇ ಅಪ್ಪನ ಕಾಲು? ಥೂ ಎಂದು ಅಲ್ಲೇ ಉಗುಳಿ, ಬೀಡಿಯನ್ನು ಚರಂಡಿಗೆ ಎಸೆದೆ. ಗೆಳೆಯನಿಗೆ ಸಿಟ್ಟು ಬಂತು, ತಿಂಗಳುಗಟ್ಟಲೆ ಮಾತು ಬಿಟ್ಟ. ಬಿಡಲಿ. ಆ ದಮ್ಮಿನ ವಿಷಯ ಡಾಕ್ಟರಿಗೆ ಹೇಳಿದಾಗ, "ಜಾರಿದ್ದೀ, ಬಿದ್ದಿಲ್ಲ. ಗುಳಿಗಿ ನಡಸು" ಅಂದರು.

ಹನ್ನೆರಡು ವಾರ ನಡೆಸಿದೆ. ಸುಲಭವಾಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಟ್ಟೆ ತೊಳಸುವುದು ಮೂರನೇ ವಾರಕ್ಕೆ ತಗ್ಗಿತು, ಚಡಪಡಿಕೆ ಇನ್ನೂ ಬಹಳ ದಿನ ಇತ್ತು. ಎಲ್ಲಕ್ಕಿಂತ ಹೇಸಿಗೆಯದ್ದು ಮೂಗಿಗೆ ವಾಸನೆ ತಿರುಗಿ ಬಂದದ್ದು. ನನ್ನ ದಿಂಬು, ನನ್ನ ಅಂಗಿ, ನನ್ನ ಮಗ್ಗ, ಗೋಡೆಯ ಸುಣ್ಣ ಕೂಡ ನಾರುತ್ತಿತ್ತು. ಒಂದು ದಿನ ಚಿಪ್ಪನ್ನು ನಾನೇ ಎತ್ತಿ ಹಿತ್ತಲಿಗೆ ಒಯ್ಯುವಾಗ ಮೂಗು ಮುಚ್ಚಿಕೊಂಡೆ. ಹೆಂಡತಿ ನೋಡುತ್ತಿದ್ದಳು. "ಈಗ ಗೊತ್ತಾತೇನ್ರಿ?" ಅಂದಳು.

ಕಿರುಬೆರಳ ತುದಿ ಉಳಿಯಲಿಲ್ಲ. ಅದು ಮೊದಲೇ ಸತ್ತಿತ್ತು, ಒಣಗಿ ಕಪ್ಪಾಗಿ ದೀಪಾವಳಿಗೆ ಮುಂಚೆ ತಾನೇ ಉದುರಿತು. ಹುಣ್ಣು ಮಾಯಿತು. ಕಾಲು ಉಳಿಯಿತು. ಇವತ್ತಿಗೂ ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತೇನೆ, ರಾಟಿಯ ಮೂಲೆ ಖಾಲಿ ಇದೆ.

ಅವ್ವ ಮತ್ತೆ ಸೋಮವಾರ ಹಿಡಿಯಲಿಲ್ಲ. ಆದರೆ ಅವಳಿಗೆ ಸೋಮವಾರ ಏನಾದರೊಂದು ಮಾಡಲೇಬೇಕಲ್ಲ. ಮುಂಜಾನೆ ನಾನು ಮಗ್ಗಕ್ಕೆ ಇಳಿಯುವ ಮುಂಚೆ ಕರೆದು ಕೂಡಿಸಿ, ಎರಡೂ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಕಣ್ಣು ಮಂಜಾಗಿತ್ತು, ಕೈಯಿಂದ ಮುಟ್ಟಿ ಮುಟ್ಟಿ ಒಂದೊಂದೇ ಬೆರಳು ಎಣಿಸುತ್ತಿದ್ದಳು. ಕೊನೆಗೆ ಆ ಮೋಟು ಕಿರುಬೆರಳಿಗೆ ಬಂದು ಅದನ್ನು ತುಸು ಹಿಸುಕುತ್ತಿದ್ದಳು.

"ಒಂಬತ್ತೂವರಿ ಅದಾವ" ಅನ್ನುತ್ತಿದ್ದಳು. "ನಡಿ, ಉಣ್ಣೂಣು."